ಎರಡು ಅಮಾವಾಸ್ಯೆಯ ಆಟಿ, ಎರಡು ಚಂದ್ರರ ಲೋಕ

ಧ್ವನಿ ಕೇಳ್ತಾ ಇದೆ ಅಂದ್ಕೊಳ್ತೇನೆ. ಇಲ್ಲಿ ಮಳೆ ಜೋರಿದೆ, ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರ್ತೇನೆ.

ನನ್ನ ವಿಷಯ ಎರಡು ಚಂದ್ರರಿರುವ ಕಲ್ಪಿತ ಲೋಕದ ಪಂಚಾಂಗ. ಇದಕ್ಕೆ ನಿಮಿತ್ತವಾದದ್ದು ನಮ್ಮದೇ ತರಗತಿಯ ಗೆಳತಿಯೊಬ್ಬಳು ಬರೆಯುತ್ತಿರುವ ಕಾದಂಬರಿಯ ಕರಡು. ಅವಳು ಅಕ್ಕಲಕೋಟೆ ಕಡೆಯವಳು. ಹೆಸರು ಹೇಳಬೇಡ ಅಂದಿದ್ದಾಳೆ, ಆದರೆ ಈಗ ಈ ಪರದೆಯ ಮೇಲಿನ ಯಾವುದೋ ಒಂದು ಚೌಕದಲ್ಲಿ ಕೂತು ಕೇಳ್ತಾ ಇದ್ದಾಳೆ. ಕರಡನ್ನು ಓದಿ ನಾನು ಮಾಡಿದ ಆಕ್ಷೇಪ ಒಂದೇ: ನಿನ್ನ ಎರಡನೆಯ ಚಂದ್ರ ಆಕಾಶದಲ್ಲಿದ್ದಾನೆ, ಜನರ ದಿನದೊಳಗೆ ಬಂದಿಲ್ಲ. ಅದಕ್ಕೆ ಅವಳು, "ಹಬ್ಬ ಅಂದ್ರ ಹಬ್ಬ, ಅದಕ್ಕ ಲೆಕ್ಕ ಯಾಕ ಬೇಕು?" ಅಂದಳು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವೇ ಈ ಪ್ರಬಂಧ.

ಮೊದಲು ನಮ್ಮ ಮನೆಯ ಗೋಡೆಯಿಂದ ಶುರು ಮಾಡ್ತೇನೆ. ಕಾಸರಗೋಡಿನ ನಮ್ಮ ಮನೆಯಲ್ಲಿ ಎರಡು ಕ್ಯಾಲೆಂಡರುಗಳು ಅಕ್ಕಪಕ್ಕ ತೂಗುತ್ತವೆ. ಒಂದು ಅಂಗಡಿಯವರು ಕೊಟ್ಟ ಮಲಯಾಳಂ ಕ್ಯಾಲೆಂಡರು. ಅದರಲ್ಲಿ ಕೊಲ್ಲಂ ವರ್ಷ, ಚಿಂಗಂ, ಕನ್ನಿ ಎಂದು ಸೂರ್ಯ ರಾಶಿಯಿಂದ ರಾಶಿಗೆ ಹೋಗುವ ತಿಂಗಳುಗಳು. ಇನ್ನೊಂದು ಕನ್ನಡದ್ದು, ಚೈತ್ರ ವೈಶಾಖ ಎಂದು ಅಮಾವಾಸ್ಯೆಗೆ ಮುಗಿಯುವ ತಿಂಗಳುಗಳದ್ದು. ಬಿಸುವಿಗೆ ಶಾಲೆಗೆ ರಜೆ, ಯುಗಾದಿಗೆ ಬೆಳಿಗ್ಗೆ ಬೇವುಬೆಲ್ಲ ತಿಂದು ಪರೀಕ್ಷೆಗೆ ಹೋದದ್ದೂ ಉಂಟು. ಗೆಳತಿಯ ಊರಲ್ಲಿ ಹೀಗಿಲ್ಲ. ಅಲ್ಲಿ ಮರಾಠಿಯವರ ಗುಡಿಪಾಡವೂ ಕನ್ನಡದವರ ಯುಗಾದಿಯೂ ಒಂದೇ ದಿನ. ತಿಂಗಳು ಒಂದೇ, ಶಕವೂ ಒಂದೇ. ಗಡಿ ಅವಳ ಭಾಷೆಯನ್ನು ಎರಡು ಮಾಡಿದೆ, ದಿನವನ್ನು ಮಾಡಿಲ್ಲ. ನಮ್ಮಿಬ್ಬರ ಜಗಳದ ಮೂಲ ಇಲ್ಲೇ ಇದೆ ಅಂತ ನನಗನಿಸ್ತದೆ.

ಎರಡು ಲೆಕ್ಕಗಳು ಒಂದೇ ಮನೆಯಲ್ಲಿದ್ದರೆ ಏನಾಗ್ತದೆ ಅನ್ನೋದಕ್ಕೆ ಆಟಿ ಅಮಾವಾಸ್ಯೆಯನ್ನು ನೋಡಿ. ಆಟಿ ಸೌರ ತಿಂಗಳು, ಸೂರ್ಯ ಕರ್ಕಾಟಕದಲ್ಲಿರುವ ಅವಧಿ. ಅಮಾವಾಸ್ಯೆ ಚಂದ್ರನದ್ದು. ಹಬ್ಬ ಬೀಳಬೇಕಾದರೆ ಎರಡು ಬೀಗದಕೈಗಳೂ ತಿರುಗಬೇಕು. ಅವತ್ತು ನಸುಕಿಗೇ ಎದ್ದು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿಯಬೇಕು. ಕಹಿ ಅಂದರೆ ಅದೇ ಕಹಿ. ವರ್ಷಕ್ಕೊಂದು ಸಲ ಸಾಕು ಅನ್ನುವಷ್ಟು.

2023ರಲ್ಲಿ ಒಂದು ತಮಾಷೆ ಆಯಿತು. ಜುಲೈ 17ಕ್ಕೆ ಸೂರ್ಯ ಕರ್ಕಾಟಕಕ್ಕೆ ಬಂದ ದಿನವೇ ಅಮಾವಾಸ್ಯೆ. ಸಿಂಹಕ್ಕೆ ಹೋಗುವ ಮುಂಚಿನ ದಿನ, ಆಗಸ್ಟ್ 16ಕ್ಕೆ, ಮತ್ತೊಂದು ಅಮಾವಾಸ್ಯೆ. ಆಟಿ ಒಂದು, ಅಮಾವಾಸ್ಯೆ ಎರಡು. ಅಜ್ಜಿ ಮೊದಲನೆಯದಕ್ಕೇ ಕಷಾಯ ಮಾಡಿಸಿದರು. ದೊಡ್ಡಪ್ಪನ ಮನೆಯವರು ಎರಡನೆಯದಕ್ಕೆ ಕುಡಿದರು. "ಮರಕ್ಕೆ ಗೊತ್ತಾಗ್ತದೆ ಯಾವ ದಿನ ಅಂತ" ಅಂದರು ಅಜ್ಜಿ. "ಮರಕ್ಕೆ ಗೊತ್ತಾಗುವುದಾದರೆ ನಮಗೆ ಪಂಚಾಂಗ ಯಾಕೆ ಅತ್ತೆ?" ಅಂದರು ದೊಡ್ಡಮ್ಮ. ಆ ವರ್ಷ ಪಂಚಾಂಗದಲ್ಲಿ ಅಧಿಕ ಶ್ರಾವಣ ಬಂದದ್ದೂ ಇದೇ ಕಾರಣಕ್ಕೆ. ಒಂದೇ ಸೌರ ತಿಂಗಳೊಳಗೆ ಎರಡು ಅಮಾವಾಸ್ಯೆ ಬಿದ್ದರೆ, ಅವೆರಡರ ನಡುವಿನ ಚಾಂದ್ರ ತಿಂಗಳಿಗೆ ಸಂಕ್ರಾಂತಿಯೇ ಸಿಗುವುದಿಲ್ಲ. ಅದೇ ಅಧಿಕ ಮಾಸ. ಒಬ್ಬನೇ ಚಂದ್ರನಿದ್ದೂ ಒಂದು ಕುಟುಂಬ ಎರಡು ದಿನ ಕಷಾಯ ಕುಡಿಯಿತು. ಇಬ್ಬರಿದ್ದರೆ?

ಎರಡು ಚಂದ್ರರ ಬಗ್ಗೆ ಸಾಹಿತ್ಯದಲ್ಲಿ ಲೆಕ್ಕ ಸರಿ ಮಾಡಿದವನೊಬ್ಬ ಇದ್ದಾನೆ, ಜೊನಾಥನ್ ಸ್ವಿಫ್ಟ್. 1726ರ 'ಗಲಿವರ್ಸ್ ಟ್ರಾವೆಲ್ಸ್'ನಲ್ಲಿ ಲಪ್ಯೂಟ ಎಂಬ ಹಾರುವ ದ್ವೀಪದ ಖಗೋಳಜ್ಞರು ಮಂಗಳಕ್ಕೆ ಎರಡು ಉಪಗ್ರಹಗಳನ್ನು ಕಂಡಿರುತ್ತಾರೆ. ಒಳಗಿನದು ಮಂಗಳದ ವ್ಯಾಸದ 3 ಪಟ್ಟು ದೂರದಲ್ಲಿ, 10 ಗಂಟೆಗೆ ಒಂದು ಸುತ್ತು. ಹೊರಗಿನದು 5 ಪಟ್ಟು ದೂರದಲ್ಲಿ, 21 ಗಂಟೆ 30 ನಿಮಿಷಕ್ಕೆ ಒಂದು ಸುತ್ತು. ಮಂಗಳಕ್ಕೆ ನಿಜವಾಗಿಯೂ ಇಬ್ಬರು ಚಂದ್ರರಿದ್ದಾರೆ ಎಂದು ಆಸಫ್ ಹಾಲ್ ಕಂಡದ್ದು 1877ರಲ್ಲಿ. ಹಾಗಾಗಿ ಸ್ವಿಫ್ಟನನ್ನು ಭವಿಷ್ಯಜ್ಞಾನಿ ಅನ್ನುವವರಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆಸಕ್ತಿ ಇರುವುದು ಅವನು ಅಂಕಿಗಳನ್ನು ಬಾಯಿಗೆ ಬಂದಂತೆ ಬರೆಯಲಿಲ್ಲ ಅನ್ನುವುದರಲ್ಲಿ. ಕೆಪ್ಲರನ ನಿಯಮದ ಪ್ರಕಾರ ಸುತ್ತಿನ ಅವಧಿಯ ವರ್ಗವೂ ದೂರದ ಘನವೂ ಒಂದೇ ಪ್ರಮಾಣದಲ್ಲಿ ಏರಬೇಕು. ಅವಧಿಗಳ ವರ್ಗ 100 ಮತ್ತು 462.25, ಅಂದರೆ 4.62 ಪಟ್ಟು. ದೂರಗಳ ಘನ 27 ಮತ್ತು 125, ಅಂದರೆ 4.63 ಪಟ್ಟು. ಕೂತು ಲೆಕ್ಕ ಹಾಕಿಯೇ ಬರೆದಿದ್ದಾನೆ ಮಹಾರಾಯ.

ಆದರೆ ಸ್ವಿಫ್ಟನ ಚಂದ್ರರಿಗೆ ಪಂಚಾಂಗ ಬೇಕಿರಲಿಲ್ಲ, ಅವರ ಕೆಳಗೆ ಜನ ಇರಲಿಲ್ಲ. ನಿಜದ ಮಂಗಳದ ಮೇಲೆ ಒಬ್ಬರನ್ನು ನಿಲ್ಲಿಸಿ ನೋಡಿದರೆ ಪೇಚು ಗೊತ್ತಾಗ್ತದೆ. ಒಳಗಿನ ಫೋಬೊಸ್ 7 ಗಂಟೆ 39 ನಿಮಿಷಕ್ಕೆ ಸುತ್ತು ಮುಗಿಸುತ್ತದೆ, ಅಲ್ಲಿನ ದಿನವೋ 24 ಗಂಟೆ 37 ನಿಮಿಷದ ಹತ್ತಿರ. ಹಾಗಾಗಿ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ, ಅದೂ ದಿನಕ್ಕೆ ಎರಡೆರಡು ಸಲ. ಹೊರಗಿನ ಡೀಮೊಸ್‌ಗೆ 30 ಗಂಟೆ 18 ನಿಮಿಷ. ಅದು ಒಮ್ಮೆ ಹುಟ್ಟಿದರೆ ಎರಡೂವರೆ ದಿನದಷ್ಟು ಆಕಾಶದಲ್ಲೇ ಇರುತ್ತದೆ, ಅಷ್ಟರಲ್ಲಿ ಅದರ ಕಳೆಗಳು ಎರಡು ಸುತ್ತು ಬದಲಾಗಿರುತ್ತವೆ. ಇಂಥವರನ್ನು ಇಟ್ಟುಕೊಂಡು ಹುಣ್ಣಿಮೆ ಎಂದು ಏನನ್ನು ಆಚರಿಸುವುದು?

ಅದಕ್ಕೇ ಥಾಮಸ್ ಗ್ಯಾಂಗೇಲ್ 1985ರಲ್ಲಿ ಮಂಗಳಕ್ಕೆಂದು ಡೇರಿಯನ್ ಕ್ಯಾಲೆಂಡರ್ ಮಾಡಿದಾಗ ಚಂದ್ರರನ್ನು ಪೂರ್ತಿ ಬಿಟ್ಟುಬಿಟ್ಟ. ಮಂಗಳದ ವರ್ಷ ಅಲ್ಲಿನ 668.6 ದಿನ. ಅದನ್ನು 27–28 ದಿನದ 24 ತಿಂಗಳು ಮಾಡಿದ. ತಿಂಗಳುಗಳ ಹೆಸರು ಕೇಳಿದರೆ ನಮ್ಮ ಊರಿನವರಿಗೆ ಖುಷಿಯಾದೀತು: ಪ್ರತಿ ರಾಶಿಯ ಲ್ಯಾಟಿನ್ ಹೆಸರಿನ ಹಿಂದೆಯೇ ಅದರ ಸಂಸ್ಕೃತ ಹೆಸರು. ಸ್ಯಾಜಿಟೇರಿಯಸ್ ಆದಮೇಲೆ ಧನು, ಕ್ಯಾಪ್ರಿಕಾರ್ನಸ್ ಆದಮೇಲೆ ಮಕರ. ಇಬ್ಬರು ಚಂದ್ರರಿರುವ, ನಮಗೆ ತಿಳಿದ ನೆಲಕ್ಕೆ ಬಂದ ಕ್ಯಾಲೆಂಡರು ನಮ್ಮ ಗೋಡೆಯ ಸೌರ ಕ್ಯಾಲೆಂಡರಿನ ಜಾತಿಯದ್ದೇ! ಚಂದ್ರ ಎರಡಾದರೆ ಪಂಚಾಂಗ ತಾನಾಗಿ ಎರಡು ಪಟ್ಟು ಶ್ರೀಮಂತ ಆಗುವುದಿಲ್ಲ ಅಂತಾಯಿತು. ಚಂದ್ರನ ಸುತ್ತು ದಿನಕ್ಕಿಂತ ಸಾಕಷ್ಟು ಉದ್ದ, ವರ್ಷಕ್ಕಿಂತ ಸಾಕಷ್ಟು ಗಿಡ್ಡ ಇದ್ದರೆ ಮಾತ್ರ ಅವನು ತಿಂಗಳಿಗೆ ಆಗಿಬರುತ್ತಾನೆ.

ಈಗ ಗೆಳತಿಯ ಲೋಕಕ್ಕೆ ಬರೋಣ. ಅವಳ ಭೂಮಿ ನಮ್ಮದರಂತೆಯೇ, ವರ್ಷ 365¼ ದಿನ. ದೊಡ್ಡ ಚಂದ್ರನಿಗೆ ಅಕ್ಕ, ಚಿಕ್ಕವನಿಗೆ ತಂಗಿ ಅಂತ ಹೆಸರಿಟ್ಟಿದ್ದಾಳೆ. ಅಕ್ಕ ಹುಣ್ಣಿಮೆಯಿಂದ ಹುಣ್ಣಿಮೆಗೆ 29½ ದಿನ ತಗೊಳ್ತಾಳೆ, ತಂಗಿ 13 ದಿನ. ಈ ಆಯ್ಕೆಯಲ್ಲಿ ತಪ್ಪಿಲ್ಲ. ಕೆಪ್ಲರನ ಪ್ರಕಾರ ತಂಗಿ ಅಕ್ಕನ ದೂರದ ಸುಮಾರು ಐದರಲ್ಲಿ ಮೂರು ಪಾಲು ದೂರದಲ್ಲಿರಬೇಕಾಗ್ತದೆ, ಇರಲಿ. ಕಾದಂಬರಿಯ ಕೇಂದ್ರ 'ಜೋಡಿ ಹುಣ್ಣಿಮೆ'. ಪ್ರತಿ ವರ್ಷ ಜೋಳದ ತೆನೆ ತುಂಬಿದಾಗ ಅಕ್ಕ ತಂಗಿ ಒಂದೇ ರಾತ್ರಿ ತುಂಬಿ ಬರ್ತಾರೆ, ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಇದು ಅವಳ ಸೀಮೆಯ ಎಳ್ಳಮಾವಾಸ್ಯೆಯೇ, ಅಮಾವಾಸ್ಯೆಯ ಜಾಗಕ್ಕೆ ಜೋಡಿ ಹುಣ್ಣಿಮೆ ಬಂದಿದೆ ಅಷ್ಟೆ. ಮೊದಲ ಅಧ್ಯಾಯದಲ್ಲಿ, ಮಕರ ತಿಂಗಳ ನಡುವೆ, ಏಳು ವರ್ಷದ ಹುಡುಗಿ ಅಪ್ಪನ ಹೆಗಲ ಮೇಲೆ ಕೂತು ಇದನ್ನು ನೋಡ್ತಾಳೆ. ಹದಿನೇಳೂವರೆ ವಯಸ್ಸಿಗೆ ಅದೇ ಹಬ್ಬದ ರಾತ್ರಿ, ತೆನೆ ತೂಗುವ ಹೊಲದ ನಡುವೆ ಅವಳ ಮದುವೆ ನಿಶ್ಚಯ ಆಗ್ತದೆ. ಬರವಣಿಗೆ ಚೆನ್ನಾಗಿದೆ. ಎರಡು ಬೆಳಕಿನಿಂದ ಒಂದೊಂದು ಗಿಡಕ್ಕೂ ಎರಡೆರಡು ನೆರಳು ಬೀಳುವ ಚಿತ್ರ ನನಗೆ ಮರೆಯೋದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಇವತ್ತು ಇಬ್ಬರೂ ಸರಿಯಾಗಿ ತುಂಬಿದ್ದಾರೆ ಅಂದ್ಕೊಳ್ಳಿ. ಅಕ್ಕನ ಮುಂದಿನ ಹುಣ್ಣಿಮೆ ಬರುವಾಗ ತಂಗಿ ತನ್ನ ಎರಡು ಸುತ್ತು ಮುಗಿಸಿ ಮೂರೂವರೆ ದಿನ ಮುಂದೆ ಹೋಗಿರ್ತಾಳೆ. ಅದರ ಮುಂದಿನದಕ್ಕೆ ಏಳು ದಿನ, ಹೀಗೆ. ಅವರು ಮತ್ತೆ ಕರಾರುವಾಕ್ಕಾಗಿ ಸೇರುವುದು ಅಕ್ಕನ 26 ಹುಣ್ಣಿಮೆ, ತಂಗಿಯ 59 ಹುಣ್ಣಿಮೆ ಕಳೆದ ಮೇಲೆ, 767 ದಿನಕ್ಕೆ. ಅಂದರೆ ಎರಡು ವರ್ಷ, ಮೇಲೆ ಮೂವತ್ತಾರೂವರೆ ದಿನ. ಪ್ರತಿ ವರ್ಷ ಅಲ್ಲ. ಅಷ್ಟೇ ಅಲ್ಲ, ಪ್ರತಿ ಸಲವೂ ಹಬ್ಬ ಋತುವಿನಲ್ಲಿ ಮೂವತ್ತಾರು ದಿನ ಮುಂದಕ್ಕೆ ಜಾರುತ್ತದೆ. ಐದು ಜೋಡಿ ಹುಣ್ಣಿಮೆ ಕಳೆದರೆ 3835 ದಿನ, ಸರಿಯಾಗಿ ಹತ್ತೂವರೆ ವರ್ಷ. ಹುಡುಗಿಗೆ ಹದಿನೇಳೂವರೆ. ಜೋಡಿ ಹುಣ್ಣಿಮೆ ಇದೆ, ನಿಜ. ಆದರೆ ಮಕರದ ನಡುವೆ ಅಲ್ಲ, ಆಟಿಯ ನಡುವೆ! ಹಿಂಗಾರಿ ಜೋಳ ಬಿತ್ತೋದೇ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಜುಲೈ ಕೊನೆಗೆ ಆ ಹೊಲದಲ್ಲಿ ತೆನೆ ಎಲ್ಲಿಂದ ತೂಗಬೇಕು?

ಅರ್ಧ ದಿನ ಹೆಚ್ಚುಕಮ್ಮಿ ಆದರೂ ಕಣ್ಣಿಗೆ ಹುಣ್ಣಿಮೆಯೇ ಅಲ್ಲವಾ ಅಂತ ಅವಳು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಅರ್ಧ ದಿನ ತಪ್ಪಿದರೆ ತಂಗಿಯ ಬಿಂಬದ ನೂರಕ್ಕೆ ತೊಂಬತ್ತೆಂಟು ಪಾಲಿಗಿಂತ ಹೆಚ್ಚು ಬೆಳಗಿರ್ತದೆ, ಯಾರಿಗೂ ಗೊತ್ತಾಗೋದಿಲ್ಲ. ಆ ಸಡಿಲು ಕೊಟ್ಟರೆ 767 ದಿನದಲ್ಲಿ ಮೂರು ಜೋಡಿ ಸಿಗ್ತವೆ. ಅವೂ ಸಮ ಅಂತರದಲ್ಲಲ್ಲ: ಒಂದಾದ ಮೇಲೆ 11 ತಿಂಗಳಿಗೆ, ಆಮೇಲೆ 4 ತಿಂಗಳಿಗೆ, ಮತ್ತೆ 11 ತಿಂಗಳಿಗೆ. ಹುಡುಗಿಯ ಹದಿನೇಳೂವರೆಯ ಆಸುಪಾಸಿನ ಜೋಡಿಗಳನ್ನೆಲ್ಲ ಬರೆದು ನೋಡಿದೆ. ಒಂದೂ ಮಕರದಲ್ಲಿ ಬೀಳಲಿಲ್ಲ.

ಇಲ್ಲಿ ಏನು ತಪ್ಪಿದೆ ಅಂದರೆ, ಎಳ್ಳಮಾವಾಸ್ಯೆಯ ಒಂದು ಕೈಯನ್ನು ಮಾತ್ರ ಅವಳು ತಗೊಂಡಳು. ಎಳ್ಳಮಾವಾಸ್ಯೆ ಪ್ರತಿ ವರ್ಷ ತೆನೆಯ ಕಾಲಕ್ಕೇ ಬರೋದು ಚಂದ್ರನಿಂದಲ್ಲ. ಹನ್ನೆರಡು ಚಾಂದ್ರ ತಿಂಗಳಿಗೆ 354 ದಿನ, ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಮೂರು ವರ್ಷ ಸುಮ್ಮನೆ ಬಿಟ್ಟರೆ ಹಬ್ಬ ಒಂದು ತಿಂಗಳು ಹಿಂದಕ್ಕೆ ಹೋಗ್ತದೆ. ಅಧಿಕ ಮಾಸ ಬಂದು ಅದನ್ನು ಎಳೆದು ತಂದು ಸೂರ್ಯನ ಗೂಟಕ್ಕೆ ಕಟ್ಟುತ್ತದೆ. ಅಕ್ಕಲಕೋಟೆಯಲ್ಲಿ ಆ ಗೂಟ ಪಂಚಾಂಗದ ಒಳಗೆ ಅಡಗಿದೆ, ಹಾಗಾಗಿ ಅವಳಿಗೆ ಕಾಣಲಿಲ್ಲ. ನಮ್ಮಲ್ಲಿ ಅದು ಬೇರೆಯೇ ಕ್ಯಾಲೆಂಡರಾಗಿ ಗೋಡೆಯ ಮೇಲಿದೆ, ಹಾಗಾಗಿ ನನಗೆ ಕಂಡಿತು. ಜಾಣತನದ ಮಾತಲ್ಲ ಇದು, ಮೊಳೆ ಎಲ್ಲಿ ಹೊಡೆದಿದೆ ಅನ್ನುವ ಮಾತು.

ಹಾಗಾದರೆ ಅವಳ ಲೋಕಕ್ಕೆ ಪಂಚಾಂಗ ಕಟ್ಟುವುದು ಹೇಗೆ? ನಾನು ಆಟಿ ಅಮಾವಾಸ್ಯೆಯ ಮಾದರಿಯನ್ನೇ ಹಿಡಿದೆ. ಮೊದಲ ಕೈ ಸೂರ್ಯನದ್ದು, ಯಾಕೆಂದರೆ ಋತು ಅವನದ್ದು. ಹಬ್ಬ ಮಕರ ತಿಂಗಳಲ್ಲೇ ಆಗಬೇಕು. ಎರಡನೆಯ ಕೈ ಅಕ್ಕನದ್ದು. ಮಕರದಲ್ಲಿ ಬರುವ ಅಕ್ಕನ ಹುಣ್ಣಿಮೆಗೆ ವರ್ಷ ವರ್ಷವೂ ಚರಗ. ತಂಗಿಗೆ ದಿನ ನಿಶ್ಚಯಿಸುವ ಅಧಿಕಾರ ಕೊಡಬಾರದು, ಆದರೆ ದಿನದ ಬೆಲೆ ಏರಿಸುವ ಅಧಿಕಾರ ಕೊಡಬಹುದು. ಆ ರಾತ್ರಿ ಅವಳೂ ತುಂಬಿದ್ದರೆ ಅದು ದೊಡ್ಡ ಚರಗ. ನಮ್ಮಲ್ಲಿ ಶ್ರಾವಣದ ಅಷ್ಟಮಿಗೆ ರೋಹಿಣಿ ಕೂಡಿಬಂದರೆ ಅದನ್ನು ಜಯಂತಿ ಎಂದು ವಿಶೇಷವಾಗಿ ಎಣಿಸುವ ಹಾಗೆ.

ಈ ನಿಯಮ ಹಾಕಿ ಲೆಕ್ಕ ಮುಂದುವರಿಸಿದಾಗ ಸಿಕ್ಕಿದ್ದು ನಾನೂ ನಿರೀಕ್ಷಿಸದ ವಿಷಯ. ಹತ್ತು ಜೋಡಿಗಳಿಗೆ 7670 ದಿನ. ಇಪ್ಪತ್ತೊಂದು ವರ್ಷಕ್ಕೆ 7670¼ ದಿನ. ಕಾಲು ದಿನ ಮಾತ್ರ ವ್ಯತ್ಯಾಸ! ಆ ಅವಧಿಯಲ್ಲಿ ಅಕ್ಕನ ತಿಂಗಳು 260. ವರ್ಷಕ್ಕೆ ಹನ್ನೆರಡರಂತೆ 252 ಕಳೆದರೆ ಉಳಿದ 8 ಅಧಿಕ ಮಾಸ. ಅವಳಿಗೆ ಗೊತ್ತಿಲ್ಲದೆಯೇ ಅವಳ ಲೋಕಕ್ಕೆ ಇಪ್ಪತ್ತೊಂದು ವರ್ಷದ ಒಂದು ಚಕ್ರ ಸಿಕ್ಕಿದೆ. ಅರ್ಧ ದಿನದ ಸಡಿಲು ಕೊಟ್ಟು ನೋಡಿದರೆ, ಮಕರದ ನಡುವಿನ ದೊಡ್ಡ ಚರಗ ಮೊದಲ ಸಲದಿಂದ ಮೂರನೆಯ ವರ್ಷಕ್ಕೆ ಒಂದು, ಹದಿನೆಂಟನೆಯ ವರ್ಷಕ್ಕೆ ಒಂದು, ಇಪ್ಪತ್ತೊಂದನೆಯದಕ್ಕೆ ಒಂದು. ಹುಡುಗಿ ಏಳರಲ್ಲಿ ನೋಡ್ತಾಳೆ, ಹತ್ತರಲ್ಲಿ ನೋಡ್ತಾಳೆ, ಹಬ್ಬ ಅಂದರೆ ಹೀಗೇ ಮೂರು ವರ್ಷಕ್ಕೊಮ್ಮೆ ಬರ್ತದೆ ಅಂದ್ಕೊಳ್ತಾಳೆ. ಆಮೇಲೆ ಹದಿನೈದು ವರ್ಷ ಬರೋದೇ ಇಲ್ಲ. ಮತ್ತೆ ಬರುವಾಗ ಅವಳಿಗೆ ಇಪ್ಪತ್ತೈದು. ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಪ್ಪ ಇರ್ತಾನೋ ಇಲ್ಲವೋ.

ತಂಗಿಗೆ ತಿಥಿ ಬೇಕೇ ಅನ್ನೋದು ಇನ್ನೊಂದು ಪ್ರಶ್ನೆ. ಕರಡಿನಲ್ಲಿ ಪುರೋಹಿತ "ತಂಗಿಯ ಏಕಾದಶಿ" ಅಂತಾನೆ. ಹದಿಮೂರು ದಿನವನ್ನು ಮೂವತ್ತು ತಿಥಿ ಮಾಡಿದರೆ ಒಂದೊಂದೂ ಹತ್ತೂವರೆ ಗಂಟೆಗಿಂತ ಕಮ್ಮಿ. ಸೂರ್ಯೋದಯಕ್ಕೆ ಇದ್ದ ತಿಥಿಯೇ ಆ ದಿನದ್ದು ಅನ್ನುವ ನಮ್ಮ ಕ್ರಮ ಹಾಕಿದರೆ, ಎರಡು ಸೂರ್ಯೋದಯಗಳ ನಡುವೆ ಒಂದಾದರೂ ತಿಥಿ ಕಾಣದೆಯೇ ಕಳೆದುಹೋಗ್ತದೆ. ನಮ್ಮಲ್ಲಿ ಅಪರೂಪದ ಕ್ಷಯ ತಿಥಿ ಅಲ್ಲಿ ದಿನನಿತ್ಯದ್ದು. ಹಲವು ಸುತ್ತು ಏಕಾದಶಿಯೇ ಸಿಗದೆ ಉಪವಾಸ ತಪ್ಪುವವರ ಕಥೆ ಬೇಕಾದರೆ ಬರೆಯಬಹುದು! ಇಲ್ಲದಿದ್ದರೆ ತಂಗಿಯ ದಿನಗಳನ್ನು ಒಂದರಿಂದ ಹದಿಮೂರರವರೆಗೆ ಸುಮ್ಮನೆ ಎಣಿಸುವುದೇ ವಾಸಿ. ವಾರದ ಸಂತೆಗೆ ಬೇಕಾದರೆ ಅದು ಆಗಿಬರ್ತದೆ.

ಕಡಲಿನ ಅಧ್ಯಾಯದ ಬಗ್ಗೆ ಕರಾವಳಿಯವನಾಗಿ ಒಂದು ಮಾತು. ಜೋಡಿ ಹುಣ್ಣಿಮೆಗೆ ಉಬ್ಬರ ಎರಡು ಪಟ್ಟಾಗಿ ಊರು ಮುಳುಗ್ತದೆ ಅಂತಿದೆ. ಆದರೆ ತಂಗಿ ಕಣ್ಣಿಗೆ ಅಕ್ಕನ ಅರ್ಧ ಅಗಲ ಕಾಣ್ತಾಳೆ ಎಂದೂ ಇದೆ. ಇಬ್ಬರೂ ಒಂದೇ ತರದ ಕಲ್ಲಿನವರಾದರೆ, ಉಬ್ಬರ ಎಬ್ಬಿಸುವ ಬಲ ಕಾಣುವ ಅಗಲದ ಘನಕ್ಕೆ ತಕ್ಕಂತೆ ಇರ್ತದೆ. ಅರ್ಧ ಅಗಲಕ್ಕೆ ಎಂಟರಲ್ಲೊಂದು ಪಾಲು. ಅಷ್ಟಕ್ಕೆ ದೋಣಿ ಸ್ವಲ್ಪ ಮೇಲೆ ಎಳೆದಿಟ್ಟರೆ ಸಾಕು.

ನನ್ನ ಲೆಕ್ಕದ ಮಿತಿಯನ್ನೂ ಹೇಳಬೇಕು. ತಂಗಿಯ ಸುತ್ತು ಸರಿಯಾಗಿ ಹದಿಮೂರು ದಿನ ಅಂತ ಹಿಡಿದೆ. ಅದು ಹದಿಮೂರು ದಿನ ಅರ್ಧ ಗಂಟೆ ಆಗಿದ್ದರೆ? 59 ಸುತ್ತಿಗೆ ಒಂದು ದಿನಕ್ಕಿಂತ ಹೆಚ್ಚು ತಡ. ಮೊದಲ ಚಕ್ರದಲ್ಲೇ ಜೋಡಿ ಕೈತಪ್ಪುತ್ತದೆ. ಸುತ್ತುಗಳನ್ನು ತಲೆಮಾರುಗಟ್ಟಲೆ ಎಣಿಸಿಟ್ಟವರಿಗೆ ಮಾತ್ರ ಆ ಅರ್ಧ ಗಂಟೆ ಗೊತ್ತಾಗ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಚಂದ್ರನೇ ಕಾಣದ ಊರಲ್ಲಿ ಹಳೆಯ ಕೋಷ್ಟಕವನ್ನು ನಂಬುವವರು, ಆಕಾಶ ನೋಡಿ ತಿದ್ದುವವರು ಎಂದು ಎರಡು ಪಕ್ಷ ಆಗಿಯೇ ಆಗ್ತದೆ. ಜಾರಿದ್ದು ಯಾರಿಗೂ ಗೊತ್ತಾಗದೆ ಹೆಸರು ಉಳಿಯುವುದೂ ಉಂಟು. ಬಿಸು ಅಂದರೆ ವಿಷುವ, ಹಗಲು ರಾತ್ರಿ ಸಮ ಇರುವ ದಿನ. ಅಂಥ ದಿನ ಬರೋದು ಮಾರ್ಚ್ 20–21ಕ್ಕೆ. ನಾವು ಕಣಿ ಇಡೋದು ಏಪ್ರಿಲ್ 14–15ಕ್ಕೆ. ಕಣಿ ಇಡುವಾಗ ನಮ್ಮ ಮನೆಯಲ್ಲಿ ಯಾರೂ ಇದರ ಬಗ್ಗೆ ತಕರಾರು ಎತ್ತಿಲ್ಲ.

ಪ್ರಬಂಧ ಇಷ್ಟೇ. ಚರ್ಚೆಯಲ್ಲಿ ಬಂದ ಒಂದೆರಡು ಮಾತುಗಳನ್ನು ಕೆಳಗೆ ಸೇರಿಸಿದ್ದೇನೆ.

ಅಧ್ಯಕ್ಷರು ಕೇಳಿದರು: "ಓದುಗ ಯಾರೂ 767 ದಿನ ಎಣಿಸ್ತಾ ಕೂರೋದಿಲ್ಲಪ್ಪ. ಇದು ವಿಮರ್ಶೆಯೋ, ಲೆಕ್ಕಪತ್ರ ತಪಾಸಣೆಯೋ?"

ನಾನು: "ಸರ್, ಎಲ್ಲ ಕೃತಿಗೂ ಈ ಅಳತೆ ಹಿಡಿಯೋದಿಲ್ಲ. ಮುರಕಾಮಿಯ '1ಕ್ಯೂ84'ರಲ್ಲಿ ಹಸಿರು ಛಾಯೆಯ ಎರಡನೆಯ ಚಂದ್ರ ಇದೆ. ಅದು ಕೆಲವರ ಕಣ್ಣಿಗೆ ಮಾತ್ರ ಬೀಳ್ತದೆ, ಊರಿಗೆ ಊರೇ ಅದರಿಂದ ಹಬ್ಬ ಮಾಡೋದಿಲ್ಲ. ಅಲ್ಲಿ ಪಂಚಾಂಗ ಕೇಳಿದರೆ ನಾನೇ ಮೂರ್ಖ. ಆದರೆ ಇವಳ ಕಾದಂಬರಿಯಲ್ಲಿ ಮದುವೆ, ಸಾಲದ ವಾಯಿದೆ, ಬಿತ್ತನೆ ಎಲ್ಲ ಜೋಡಿ ಹುಣ್ಣಿಮೆಗೆ ಕಟ್ಟಿದೆ. ಸಾಲ ಕೊಟ್ಟವನು ದಿನ ಎಣಿಸದೆ ಇರ್ತಾನಾ ಸರ್?"

ಅಧ್ಯಕ್ಷರು ನಕ್ಕರು. ಅಷ್ಟರಲ್ಲಿ ಚಾಟಿನಲ್ಲಿ ಗೆಳತಿಯ ಸಂದೇಶ ಬಂತು. ಓದಲು ಅವಳೇ ಒಪ್ಪಿಗೆ ಕೊಟ್ಟಳು: "ಆತು, ಮದುವಿ ಇಪ್ಪತ್ತೈದಕ್ಕ ಮಾಡ್ತೀನಿ. ಸಾಲದ ವಾಯಿದೆ ಅಕ್ಕನ ಹುಣ್ಣಿಮಿಗೆ ಇಡ್ತೀನಿ. ಆದ್ರ ನಡುವಿನ ಹದಿನೈದು ವರ್ಷ ಆಕಿ ಏನ್ ಮಾಡ್ತಾಳ, ಅದನ್ನೂ ನಿನ್ನ ಲೆಕ್ಕದಾಗ ತೆಗದ್ ಕೊಡ್ತಿಯೇನು?"